ಹಳದಿ ಪುಸ್ತಕದಲ್ಲಿ ಒಂದು ‘ಎ’ ಕಮ್ಮಿ

ಬ್ಯಾಂಕಲ್ಲಿ 34 ವರ್ಷ ಕೆಲ್ಸ ಮಾಡಿದವ ನಾನು, ಅದ್ರಲ್ಲಿ ಅರ್ಧ ಆಯುಷ್ಯ ಜನರ ಚೆಕ್ಕು ವಾಪಸ್ ಮಾಡುದ್ರಲ್ಲೇ ಕಳ್ದದ್ದು. ಸೈನ್ ಸರಿ ಇಲ್ಲ, ವಾಪಸ್. ತಾರೀಕು ತಿದ್ದಿದ್ದಾರೆ, ವಾಪಸ್. ಕಾಪು ಕಡೆಯ ಒಬ್ಬರು ಮೀನಿನ ವ್ಯಾಪಾರದವರು ಅಂತೂ ನನ್ನನ್ನು ಕಂಡ್ರೆ “ವಾಪಾಸ್ ರಾಯ್ರು ಬಂದ್ರು” ಅಂತ್ಲೇ ಹೇಳ್ತಿದ್ರು. ಇಂಥ ನಾನು ರಿಟೈರ್ ಆಗಿ ಒಂದು ವರ್ಷಕ್ಕೆ ಎಂತ ಮಾಡಿದೆ ಅಂತ ಕೇಳಿದ್ರೆ ನೀವು ನಗ್ತೀರಿ, ನಗಿ, ಹೆಂಡ್ತಿ ಈಗ್ಲೂ ನಗ್ತಾ ಇದ್ದಾಳೆ.

ಮಗಳು ನೈರೋಬಿಯಲ್ಲಿ ಇರುದು. ಬನ್ನಿ ಬನ್ನಿ ಅಂತ ಎರಡು ವರ್ಷದಿಂದ ವರಾತ. ಟಿಕೆಟ್ ಮಾಡಿದ ಮೇಲೆ ಫೋನಲ್ಲಿ ಹೇಳ್ತಾಳೆ, “ಅಪ್ಪ, ಯೆಲ್ಲೋ ಫೀವರ್ ಇಂಜೆಕ್ಷನ್ ತಗೊಂಡು ಸರ್ಟಿಫಿಕೇಟ್ ಇಟ್ಕೊಳ್ಳಿ” ಅಂತ. ನಾನು ಅಂದ್ಕೊಂಡದ್ದು ಕೀನ್ಯಾದವರು ಕೇಳ್ತಾರೆ ಅಂತ. ಅಲ್ಲ ಮಾರಾಯ್ರೆ, ಭಾರತದಲ್ಲಿ ಆ ಜ್ವರವೇ ಇಲ್ಲ, ಹಾಗಾಗಿ ಸೀದಾ ಇಲ್ಲಿಂದ ಹೋಗುವವರ ಹತ್ರ ಅವ್ರಿಗೆ ಕೇಳ್ಲಿಕ್ಕೆ ಕಾರಣ ಇಲ್ಲ, ಕೇಳುದು ನಮ್ಮವರೇ, ವಾಪಸ್ ಬರುವಾಗ. ಜ್ವರ ಇರುವ ದೇಶದಿಂದ ಬಂದು ಕಾರ್ಡು ಸರಿ ಇಲ್ಲದಿದ್ರೆ ಆರು ದಿನದವರೆಗೆ ಕ್ವಾರಂಟೈನಲ್ಲಿ ಕೂರಿಸ್ಬಹುದು. ಹೆಂಡ್ತಿಯ ಮೊದಲ ಪ್ರಶ್ನೆ, “ಆರು ದಿನ ಅಲ್ಲಿ ಕುಚ್ಚಲಕ್ಕಿ ಅನ್ನ ಕೊಡ್ತಾರಾ?”

ಈ ಇಂಜೆಕ್ಷನ್ ಕಂಡ ಕಂಡ ಕ್ಲಿನಿಕ್ಕಲ್ಲಿ ಕೊಟ್ರೆ ಆಗುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರದ್ದೇ ಆಗ್ಬೇಕು, ಪಟ್ಟಿ ಆರೋಗ್ಯ ಇಲಾಖೆಯ ವೆಬ್‌ಸೈಟಲ್ಲಿ ಉಂಟು. ನಮ್ಗೆ ತಾರೀಕು ಸಿಕ್ಕಿದ್ದು ಬೆಂಗಳೂರಲ್ಲಿ, ಮೇ 4ಕ್ಕೆ. ರಾತ್ರಿ ಬಸ್ಸು, ಘಾಟಿಯಲ್ಲಿ ಸೊಂಟ ಒಂದು ಕಡೆ ಮಂಡೆ ಒಂದು ಕಡೆ, ಬೆಳಿಗ್ಗೆ ಹೋಗಿ ಕ್ಯೂ ನಿಂತದ್ದಾಯ್ತು. ನನ್ಗೆ 61, ಅರವತ್ತು ದಾಟಿದವರಿಗೆ ಇದ್ರ ಅಡ್ಡ ಪರಿಣಾಮ ಸ್ವಲ್ಪ ಜಾಸ್ತಿ ಆಗುವ ಸಾಧ್ಯತೆ ಉಂಟಂತೆ, ಅದಕ್ಕೆ ಡಾಕ್ಟ್ರು ಬಿಪಿ ಶುಗರು ಎಲ್ಲ ವಿಚಾರಿಸಿ ಕೊನೆಗೆ ಕೇಳಿದ್ರು, “ಮೊಟ್ಟೆ ತಿಂದ್ರೆ ಅಲರ್ಜಿ ಏನಾದ್ರೂ ಇದ್ಯಾ?” ಈ ಲಸಿಕೆ ತಯಾರಾಗುದು ಕೋಳಿಮೊಟ್ಟೆಯಲ್ಲಿ ಅಂತೆ, ಹಾಗಾಗಿ ಕೇಳ್ಲೇಬೇಕು. ಹೆಂಡ್ತಿ ಪಕ್ಕದಲ್ಲೇ ಕೂತವಳು, “ನಾವು ಮೊಟ್ಟೆ ಮುಟ್ಟುದೇ ಇಲ್ಲ ಡಾಕ್ಟ್ರೇ” ಅಂದ್ಲು. ಬ್ಯಾಂಕಿನ ಹಿಂದಿನ ಓಣಿಯ ಗೂಡಂಗಡಿಯಲ್ಲಿ ನಾನು ಇಪ್ಪತ್ತು ವರ್ಷ ತಿಂದ ಆಮ್ಲೆಟ್ಟಿನ ಲೆಕ್ಕ ಆ ಕ್ಷಣಕ್ಕೆ ಕಣ್ಣ ಮುಂದೆ ಬಂತು. ಸುಳ್ಳು ಹೇಳ್ಲಿಕ್ಕೆ ಇಲ್ಲ, ಆರೋಗ್ಯದ ವಿಷಯ. “ಅಲರ್ಜಿ ಇಲ್ಲ ಸರ್, ಪರೀಕ್ಷೆ ಆಗಿದೆ” ಅಂದೆ. ಡಾಕ್ಟ್ರಿಗೆ ಅರ್ಥ ಆಯ್ತು, ಅವಳಿಗೂ ಆಯ್ತು, ವಾಪಸ್ ಬಸ್ಸಲ್ಲಿ ಹಾಸನದವರೆಗೆ ಮಾತಿಲ್ಲ.

ಮನೆಗೆ ಬಂದು ಅವ್ರು ಸರ್ಟಿಫಿಕೇಟ್ ಅಂತ ಕೊಟ್ಟ ಹಳದಿ ಪುಸ್ತಕ ಬಿಡಿಸಿ ನೋಡ್ತೇನೆ, ನನ್ನ ಹೆಸರಲ್ಲಿ ಕೊನೆಯ ಎ ಇಲ್ಲ. ಪಾಸ್‌ಪೋರ್ಟಲ್ಲಿ ನಾನು ಸುಧಾಕರ, ಇದ್ರಲ್ಲಿ ಸುಧಾಕರ್. ಘಟ್ಟದ ಮೇಲಿನವರಿಗೆ ಕೊನೆಯ ಅಕಾರ ಅಂದ್ರೆ ಅಷ್ಟಕ್ಕಷ್ಟೆ, ನಮ್ಗೆ ಅದು ಬಿಟ್ರೆ ಯಾರನ್ನೋ ಕರೆದ ಹಾಗೆ ಆಗ್ತದೆ. ಅದು ಒಂದು ಅಕ್ಷರ, ಜಾಗವೂ ಉಂಟು, ಜೇಬಲ್ಲಿ ಪೆನ್ನೂ ಉಂಟು. ಒಂದು ಎ ಗೀಚಿದೆ. ಅವ್ರದ್ದು ಕಪ್ಪು ಶಾಯಿ, ನನ್ನದು ನೀಲಿ.

ವಿಷಯ ಹೊರಗೆ ಬಿದ್ದದ್ದು ಮೇ 12ರ ಸಂಜೆ, ಶಿಪ್ಪಿನ ಅಣ್ಣ ಗೋಳಿಬಜೆಗೆ ಬಂದಾಗ. ನೆರೆಮನೆಯವರು, ಮೂವತ್ತು ವರ್ಷ ಹಡಗಲ್ಲಿ ಇಂಜಿನ್ ರೂಮಲ್ಲಿ ಇದ್ದವರು, ಆಫ್ರಿಕಾ ಬ್ರೆಜಿಲ್ ಎಲ್ಲ ನಮ್ಗೆ ಮಲ್ಪೆ ಇದ್ದ ಹಾಗೆ ಅವರಿಗೆ. ಪುಸ್ತಕ ಕೊಟ್ಟೆ, ಕೈಯ ಎಣ್ಣೆ ಲುಂಗಿಗೆ ಒರೆಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೆಳಕಿಗೆ ಹಿಡಿದು ಓದ್ಲಿಕ್ಕೆ ಶುರು ಮಾಡಿದ್ರು. ನಾನು ಚೆಕ್ಕು ನೋಡ್ತಿದ್ದದ್ದು ಹೀಗೇ. ಈಚೆ ಬದಿಯಲ್ಲಿ ಕೂತ್ರೆ ಹೇಗೆ ಆಗ್ತದೆ ಅಂತ ಮೊದಲ ಸಲ ಗೊತ್ತಾಯ್ತು.

“ರಾಯ್ರೆ, ಈ ಎ ಯಾರು ಬರ್ದದ್ದು?”

“ನಾನೇ.”

“ನಿಮ್ಗೆ ಮರ್ಲಾ?” ಅಂದ್ರು. ಹೆಸರಲ್ಲಿ ಒಂದು ಅಕ್ಷರ ಕಮ್ಮಿ ಇದ್ದದ್ದು ದೊಡ್ಡ ಸಂಗತಿ ಆಗ್ತಿರ್ಲಿಲ್ಲವೋ ಏನೋ, ಆದ್ರೆ ಈ ಪುಸ್ತಕದ ಕಾನೂನೇ ಹಾಗೆ, ತಿದ್ದಿದ್ರೆ, ಅಳಿಸಿದ್ರೆ, ಯಾವ್ದಾದ್ರೂ ಕಾಲಂ ಖಾಲಿ ಬಿಟ್ರೆ ಇಡೀ ಕಾರ್ಡು ಅಸಿಂಧು ಆಗ್ಬಹುದು. ಅಂತಾರಾಷ್ಟ್ರೀಯ ಆರೋಗ್ಯ ನಿಯಮ ಅಂತ 2005ರದ್ದು ಉಂಟು, ಎಲ್ಲ ದೇಶಕ್ಕೂ ಅದೇ, ಪುಸ್ತಕದಲ್ಲೇ ಪ್ರಿಂಟ್ ಮಾಡಿದ್ದಾರೆ, ಓದಿ ಅಂತ ತೋರಿಸಿದ್ರು. ಚೆಕ್ಕಿನ ಹಿಂದಿನ ಸಣ್ಣ ಅಕ್ಷರ ಗಿರಾಕಿಗಳು ಓದುದಿಲ್ಲ ಅಂತ ಬೈತಿದ್ದ ನಾನೇ ಇದನ್ನು ಓದಿರ್ಲಿಲ್ಲ.

ಅಲ್ಲಿಗೆ ಮುಗೀಲಿಲ್ಲ. ಚುಚ್ಚಿದ ತಾರೀಕು 04/05 ಅಂತ ಬರ್ದಿದ್ರು. ನಮ್ಗೆ ಅದು ಮೇ 4, ತಿಂಗಳನ್ನು ಮೊದ್ಲು ಬರೆಯುವ ದೇಶದವನಿಗೆ ಏಪ್ರಿಲ್ 5, ಅದಕ್ಕೇ ತಿಂಗಳನ್ನು ಅಕ್ಷರದಲ್ಲಿ ಬರೀಬೇಕು. ಪಕ್ಕದ ‘ಯಾವಾಗಿನಿಂದ ಮಾನ್ಯ’ ಕಾಲಮಲ್ಲೂ ಅದೇ 04/05. ಅದು ತಪ್ಪು, ಚುಚ್ಚಿದ ದಿನವೇ ಕಾರ್ಡಿಗೆ ಜೀವ ಬರುದಿಲ್ಲ, ಹತ್ತು ದಿನ ಆಗ್ಬೇಕು, ಮೇ 4ಕ್ಕೆ ಚುಚ್ಚಿದ್ರೆ ಮೇ 14ರಿಂದ. ‘ಯಾವಾಗಿನವರೆಗೆ’ ಅನ್ನುವಲ್ಲಿ ಜೀವನಪರ್ಯಂತ ಅಂತ ಇಂಗ್ಲಿಷಲ್ಲಿ ಬರ್ದಿದ್ರು, ಅದೊಂದು ಸರಿ ಇತ್ತು.

ಆಮೇಲೆ ಹೆಂಡ್ತಿಯದ್ದು. ಅವಳದ್ದರಲ್ಲಿ ಹೆಸರು ಚಂದ ಉಂಟು, ಲಸಿಕೆ ತಯಾರಿಸಿದ ಕಂಪೆನಿ ಹೆಸರು ಉಂಟು, ಬ್ಯಾಚ್ ನಂಬರಿನ ಜಾಗ ಖಾಲಿ. ಡಾಕ್ಟ್ರ ಸೈನಿನ ಜಾಗದಲ್ಲಿ ರೌಂಡ್ ಸೀಲು, ನೇರಳೆ ಬಣ್ಣದ್ದು, ಎಷ್ಟು ಗಟ್ಟಿ ಒತ್ತಿದ್ದಾರೆ ಅಂದ್ರೆ ಹಿಂದಿನ ಪುಟಕ್ಕೂ ಇಳಿದಿದೆ, ಆದ್ರೆ ಸೈನ್ ಇಲ್ಲ. ಸೀಲು ಬೇಕೇ ಬೇಕು, ಸೈನೂ ಬೇಕೇ ಬೇಕು, ಸೀಲು ಹೊಡೆದ್ರೆ ಸೈನಿನ ಬದಲಿಗೆ ಆಗುದಿಲ್ಲ, ಅದೂ ಡಾಕ್ಟ್ರೇ ಅವರ ಕೈಯಲ್ಲಿ ಹಾಕಿದ್ದಾಗ್ಬೇಕು, ರಬ್ಬರ್ ಸ್ಟಾಂಪಿನ ಸೈನ್ ನಡೆಯುದಿಲ್ಲ. “ನೀವೇ ತುಂಬಿಸ್ಬಹುದಾದ ಜಾಗ ಇಡೀ ಪುಸ್ತಕದಲ್ಲಿ ಒಂದೇ,” ಅಂದ್ರು ಅಣ್ಣ, “ನಿಮ್ಮ ಸ್ವಂತ ಸೈನು. ಅದನ್ನು ಹಾಕಿದ್ದೀರಿ, ಪುಣ್ಯ.”

ನಾನು ಸ್ವಲ್ಪ ಸೇಡು ತೀರಿಸುವ ಅಂತ ಅವರ ಹಳೇ ಪುಸ್ತಕ ತರಿಸಿದೆ. ಅದ್ರಲ್ಲಿ 2009ರ ಇಂಜೆಕ್ಷನ್, 2019ರವರೆಗೆ ಮಾನ್ಯ ಅಂತ. “ನಿಮ್ಮದು ಎಕ್ಸ್‌ಪೈರಿ ಆಯ್ತಲ್ಲ!” ಅಂದೆ ಖುಷಿಯಲ್ಲಿ. ಅಣ್ಣ ಗೋಳಿಬಜೆ ಚಟ್ನಿಗೆ ಅದ್ದಿ ಆರಾಮಲ್ಲಿ ಹೇಳಿದ್ರು, 2016 ಜುಲೈ 11ರಿಂದ ನಿಯಮ ಬದಲಾಗಿ ಎಲ್ಲ ಕಾರ್ಡೂ ಜೀವನಪರ್ಯಂತ, ಹಳೇವೂ ಸೇರಿ, ಅದನ್ನು ತಿದ್ದಿಸ್ಲಿಕ್ಕೂ ಇಲ್ಲ, ತಿದ್ದಿಸಿದ್ರೇ ಹಾಳು. ತಪ್ಪು ಕಾಣುವುದು ಸರಿ, ಸರಿ ಮಾಡಿದ್ದು ತಪ್ಪು. ನನ್ಗೆ ಮಂಡೆ ಬಿಸಿ ಆಗಿ ಎರಡು ಗೋಳಿಬಜೆ ಜಾಸ್ತಿ ತಿಂದೆ.

ಈಗ ಸರಿ ಮಾಡ್ಲಿಕ್ಕೆ ಎಂತ ದಾರಿ? ಚುಚ್ಚಿದ ಕೇಂದ್ರವೇ ದಾರಿ. ಊರಿನ ಪರಿಚಯದ ಡಾಕ್ಟ್ರು ಎಷ್ಟು ದೊಡ್ಡವರಾದ್ರೂ ಅವರು ಬರ್ದು ಸೈನ್ ಹಾಕಿದ್ರೆ ಅದು ಇನ್ನೊಂದು ತಿದ್ದುಪಡಿ ಅಷ್ಟೇ. ಮರುದಿನ ಫೋನ್ ಮಾಡಿದೆ, ಎತ್ತಿದವರು “ಚಿಕ್ಕ ವಿಷಯ ಬಿಡಿ ಸರ್, ನೀವೇ ಬರ್ಕೊಳ್ಳಿ” ಅಂದ್ರು. ಇಲ್ಲ ಅಂದೆ. ಹಾಗೆ ಮೇ 15ಕ್ಕೆ ಮತ್ತೆ ರಾತ್ರಿ ಬಸ್ಸು, ಮತ್ತೆ ಘಾಟಿ. ಕೈಯಲ್ಲಿ ಎರಡು ಪುಸ್ತಕ, ಎರಡು ಪಾಸ್‌ಪೋರ್ಟು, ಮತ್ತೆ ಅವತ್ತು ದುಡ್ಡು ಕಟ್ಟಿದ ರಶೀದಿ. ರಶೀದಿ ನಾನು ಬಿಸಾಡುವ ಜಾತಿ ಅಲ್ಲ, 1998ರ ಫ್ಯಾನಿನ ಬಿಲ್ಲು ಕೂಡ ಉಂಟು ಮನೆಯಲ್ಲಿ. ಅದೇ ಉಪಕಾರಕ್ಕೆ ಬಂತು.

ಯಾಕೆಂದ್ರೆ ಇಡೀ ವ್ಯವಹಾರ ನಿಂತಿರುದು ಅವರ ರಿಜಿಸ್ಟರಿನ ಮೇಲೆ. ರಶೀದಿಯ ನಂಬರು ಹಿಡಿದು ಮೇ 4ರ ಪುಟ ತೆಗೆದ್ರು, ನಾನು 17, ಅವಳು 18. ನನ್ನ ಹೆಸರು ಅಲ್ಲಿಯೂ ಸುಧಾಕರ್ ಅಂತ್ಲೇ ಇತ್ತು, ಆದ್ರೆ ಪಕ್ಕದಲ್ಲಿ ಪಾಸ್‌ಪೋರ್ಟ್ ನಂಬರು ಇದ್ದದ್ದರಿಂದ ಬಚಾವ್. ಬ್ಯಾಚ್ ನಂಬರೂ ಸಿಕ್ತು, ಒಂದು ಬಾಟ್ಲಿಯಲ್ಲಿ ಹತ್ತು ಜನಕ್ಕೆ, ಓಪನ್ ಮಾಡಿದ ಮೇಲೆ ಆರು ಗಂಟೆಯೊಳಗೆ ಮುಗಿಸ್ಬೇಕು, ಹಾಗಾಗಿ ಅವತ್ತು ಯಾವ ಬಾಟ್ಲಿ ಯಾರಿಗೆ ಅಂತ ಲೆಕ್ಕ ಇಟ್ಟಿದ್ರು, ನನ್ನದೂ ಅವಳದೂ ಒಂದೇ ಬಾಟ್ಲಿ. ಮದುವೆ ಆಗಿ 33 ವರ್ಷಕ್ಕೆ ನಮ್ಮ ನಂಬರು ಮ್ಯಾಚ್ ಆದದ್ದು ಇದೇ ಮೊದಲು.

ಹಳೇ ಎರಡು ಪುಸ್ತಕಕ್ಕೆ ಅಡ್ಡ ಗೆರೆ ಹಾಕಿ ಇಟ್ಕೊಂಡು ಹೊಸದು ಬರ್ದು ಕೊಟ್ರು, ಮತ್ತೆ ಚುಚ್ಚುದು ಎಂತದೂ ಇಲ್ಲ. ಚುಚ್ಚಿದ ತಾರೀಕು ಹಳೆಯದ್ದೇ, ಮೇ 4, ತಿಂಗಳು ಅಕ್ಷರದಲ್ಲಿ, ಮೇ 14ರಿಂದ ಮಾನ್ಯ. ರಿಜಿಸ್ಟರಲ್ಲಿ ಸಿಗದೆ ಹೋಗಿದ್ರೆ ಹೊಸದಾಗಿ ಚುಚ್ಚಿಸಿ ಮತ್ತೆ ಹತ್ತು ದಿನ ಲೆಕ್ಕ ಹಾಕ್ಬೇಕಿತ್ತು, ನಮ್ಮ ವಿಮಾನ 28ಕ್ಕೆ. ಕೌಂಟರ್ ಬಿಡುವ ಮೊದ್ಲು ಅಲ್ಲೇ ನಿಂತು ಪಾಸ್‌ಪೋರ್ಟ್ ಪಕ್ಕದಲ್ಲಿ ಇಟ್ಟು ಒಂದೊಂದೇ ಗೆರೆ ಬೆರಳಿಟ್ಟು ಓದಿದೆ. ಹೆಸರು, ಹುಟ್ಟಿದ ದಿನ, ಗಂಡು ಹೆಣ್ಣು, ದೇಶ, ಪಾಸ್‌ಪೋರ್ಟ್ ನಂಬರು, ಬ್ಯಾಚು, ಸೈನು, ಸೀಲು. ಹಿಂದಿನ ಕ್ಯೂವಿನವರು “ಎಷ್ಟೊತ್ತು ಸರ್” ಅಂದ್ರು. ಆಗ್ಲಿ. ವಾಪಸ್ ಬಸ್ಸಲ್ಲಿ ಹೆಂಡ್ತಿ ತನ್ನ ಪುಸ್ತಕಕ್ಕೆ ಸೈನ್ ಹಾಕಿ “ನಿಮ್ಮದೂ ಹಾಕಿ” ಅಂದದ್ದು ಅರ್ಧ ನಿದ್ದೆಯಲ್ಲಿ ಕೇಳಿದ ನೆನಪು.

ನೈರೋಬಿಯಲ್ಲಿ ಒಂದೂವರೆ ತಿಂಗಳು. ಮೊಮ್ಮಗನ ಪುಸ್ತಕವೂ ನೋಡಿದೆ, ಮಕ್ಕಳಿಗೆ ಅಪ್ಪ ಅಮ್ಮನ ಕಾರ್ಡಲ್ಲಿ ಹೆಸರು ಸೇರಿಸಿದ್ರೆ ನಡೆಯುದಿಲ್ಲ, ಬೇರೆಯೇ ಬೇಕು, ಸೈನ್ ಮಾತ್ರ ಅಪ್ಪನೋ ಅಮ್ಮನೋ ಹಾಕುದು. ಅಳಿಯ ಹಾಕಿದ್ದ. ಇನ್ನು ಕೆಲವರ ಕಾರ್ಡೂ ನೋಡಿ ಕೊಟ್ಟೆ, ಆ ಬಿಲ್ಡಿಂಗಲ್ಲಿ ನನ್ಗೆ ಸಣ್ಣ ಹೆಸರು ಬಂದಿತ್ತು.

ಜುಲೈಯಲ್ಲಿ ಮುಂಬೈಯಲ್ಲಿ ಇಳಿದ್ವಿ. ಇಮಿಗ್ರೇಷನ್ನಿಗೆ ಮೊದ್ಲೇ ಆರೋಗ್ಯದವರ ಡೆಸ್ಕು. ಹೆಂಡ್ತಿಯ ಪುಸ್ತಕ ಅರ್ಧ ನಿಮಿಷ, ಆಯ್ತು. ನನ್ನದು ತಗೊಂಡ್ರು. ಹೆಸರಿನ ಕೊನೆಯ ಎ ಮೇಲೆ ಅವರ ಬೆರಳು ನಿಂತು ಮುಂದೆ ಹೋಯ್ತು, ಬ್ಯಾಚಿನ ಮೇಲೆ, ಸೀಲಿನ ಮೇಲೆ, ನನ್ಗೆ ಎದೆ ಉಬ್ಬಿ ಬರ್ತಾ ಉಂಟು. ಆಮೇಲೆ ಬೆರಳು ಮೇಲೆ ಬಂದು ಒಂದು ಖಾಲಿ ಗೆರೆಯ ಮೇಲೆ ನಿಂತಿತು.

“ಅಂಕಲ್, ಆಪ್ಕಾ ಸೈನ್?”

ಹೆಂಡ್ತಿ ನನ್ನ ಮುಖ ನೋಡ್ಲಿಲ್ಲ, ಮೇಲೆ ಸೀಲಿಂಗ್ ನೋಡಿದ್ಲು. ಡೆಸ್ಕಿನವರು ಒಳ್ಳೆಯವರು, ಪೆನ್ನು ಚಾಚಿದ್ರು. ಹಾಕಿದೆ, ಬ್ಯಾಂಕಿನ ಫುಲ್ ಸೈನು, ಕೆಳಗೆ ಎರಡು ಚುಕ್ಕಿ ಸಮೇತ.

ಬ್ಯಾಗು ಎಳ್ಕೊಂಡು ಹೋಗುವಾಗ ಅವಳು ಕೇಳಿದ್ಲು, “ಅಲ್ಲ ಇವ್ರೇ, ಚೆಕ್ಕಾಗಿದ್ರೆ?”

“ವಾಪಸ್,” ಅಂದೆ.