ಚಿಕ್ಕಪ್ಪನ ಖಾತೆಯಲ್ಲಿ ಎರಡು ಸಲ 295 ರೂಪಾಯಿ

ಮೂಡಿಗೆರೆ ಹತ್ತಿರ ತೋಟ ಇರೋ ನಮ್ಮ ಚಿಕ್ಕಪ್ಪ ಮಾರ್ಚಿನಲ್ಲಿ ಮೆಣಸು ಮಾರಿದರು. ವ್ಯಾಪಾರಿ ನೆಫ್ಟ್ ಮಾಡಿದ್ದು 48,000. ಅದೇ ದಿನ ಖಾತೆಯಿಂದ 590 ರೂಪಾಯಿ ಹೋಯಿತು. "ನೋಡೋ, ದುಡ್ಡು ಬಂದಿದ್ದಕ್ಕೂ ಕಮಿಷನ್ ಹಿಡಿದಿದ್ದಾರೆ" ಅಂತ ಸ್ಟೇಟ್‌ಮೆಂಟ್ ತಂದು ನನ್ನ ಮುಂದಿಟ್ಟರು.

```
12/03/25 NEFT CR            48,000.00 CR
12/03/25 ACH D RTN CHGS 050225  295.00 DR
12/03/25 ACH D RTN CHGS 050325  295.00 DR
```

ನೆಫ್ಟ್‌ನಲ್ಲಿ ಹಣ ಪಡೆಯುವವರಿಗೆ ಶುಲ್ಕ ಇಲ್ಲ. ಹಾಗಾದರೆ ಇದೇನು? ACH D ಅಂದರೆ ನಾವು ಸಹಿ ಹಾಕಿ ಕೊಟ್ಟ ಒಪ್ಪಿಗೆಯ ಮೇಲೆ ಖಾತೆಯಿಂದ ತಾನಾಗಿ ಹೋಗುವ ಕಂತು. ಹಿಂದೆ ಇದೇ ಕೆಲಸ ಇಸಿಎಸ್‌ನಲ್ಲಿ ಆಗುತ್ತಿತ್ತು, ಊರಲ್ಲಿ ಈಗಲೂ ಅದೇ ಹೆಸರು. RTN ಅಂದರೆ ಕಂತು ವಾಪಸ್ ಹೋಗಿದೆ, CHGS ಅಂದರೆ ಅದಕ್ಕೆ ದಂಡ. ಕೊನೆಯ ಆರು ಅಂಕಿ ವಾಪಸ್ ಹೋದ ದಿನ: ಫೆಬ್ರವರಿ 5, ಮಾರ್ಚ್ 5. ಚಿಕ್ಕಪ್ಪನ ಬೈಕ್ ಸಾಲದ ಕಂತು ಐದನೇ ತಾರೀಖು. ಆ ಎರಡೂ ದಿನ ಖಾತೆಯಲ್ಲಿ ಇದ್ದದ್ದು 140 ರೂಪಾಯಿ. ದಂಡಕ್ಕೂ ಸಾಲದು! ಬ್ಯಾಂಕ್ ಅದನ್ನು ಬಾಕಿ ಇಟ್ಟುಕೊಂಡು, ಮೆಣಸಿನ ದುಡ್ಡು ಬಂದ ಕೂಡಲೇ ಹಿಡಿಯಿತು. ಅದಕ್ಕೇ ನೆಫ್ಟ್ ಸಾಲಿನ ಕೆಳಗೇ ಕೂತಿದೆ.

ಇಂಥದ್ದನ್ನು ಗುರುತಿಸೋಕೆ ನಾನು ಒಂದು ಲೆಕ್ಕ ಮಾಡುತ್ತೇನೆ. ಕಡಿತವಾದ ಮೊತ್ತವನ್ನು 1.18ರಿಂದ ಭಾಗಿಸಿ. 295 ಆದರೆ 250 ಬರುತ್ತದೆ. 17.70 ಆದರೆ 15. ಹೀಗೆ ಪೂರ್ಣ ಅಂಕಿ ಬಂದರೆ ಅದು ಬಹುತೇಕ ಬ್ಯಾಂಕಿನ ಶುಲ್ಕ, ಮೇಲೆ ಶೇಕಡಾ 18 ಜಿಎಸ್‌ಟಿ. ಮೇ ಕೊನೆಯಲ್ಲಿ ಹೋಗುವ 436 ಮತ್ತು 20 ಹೀಗೆ ಬರಲ್ಲ, ಯಾಕಂದ್ರೆ ಅವು ಪ್ರಧಾನಮಂತ್ರಿ ಜೀವನ್ ಜ್ಯೋತಿ, ಸುರಕ್ಷಾ ವಿಮೆಗಳ ವರ್ಷದ ಕಂತು. ಲೆಕ್ಕ ಸುಳಿವು ಮಾತ್ರ, ಕೋಡ್ ಜೊತೆ ಸೇರಿಸಿ ನೋಡಬೇಕು. ಕೋಡ್ ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ಬೇರೆ ಇರುತ್ತದೆ.

ಇನ್ನೊಂದು ವಿಷಯ ಈ ಹಾಳೆಯಲ್ಲಿ ಕಾಣಲ್ಲ. ಕಂತು ವಾಪಸ್ ಆದಾಗ ಸಾಲ ಕೊಟ್ಟವರೂ ಬೇರೆಯಾಗಿ ದಂಡ ಹಾಕುತ್ತಾರೆ. ಅದು ಸಾಲದ ಖಾತೆಯ ಸ್ಟೇಟ್‌ಮೆಂಟಿನಲ್ಲಿರುತ್ತದೆ. ಕೇಳಿ ತೆಗೆಸಿಕೊಂಡೆವು, ಎರಡು ತಿಂಗಳ ದಂಡ ಅಲ್ಲೂ ಇತ್ತು.

ನನಗೆ ಬೇಜಾರಾಗೋದು ಇಲ್ಲೇ. "ಫೆಬ್ರವರಿ 5ರ ಕಂತು ವಾಪಸ್, ದಂಡ" ಅಂತ ಪಾಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಅಚ್ಚಾಗಿದ್ದರೆ ಚಿಕ್ಕಪ್ಪ ಫೆಬ್ರವರಿಯ ತಪ್ಪನ್ನು ತಾವೇ ಓದಿಕೊಳ್ಳುತ್ತಿದ್ದರು. ದಂಡ ಹಾಕೋ ಬ್ಯಾಂಕಿಗೆ ಯಾಕೆ ಅಂತ ಹೇಳೋದು ಕಷ್ಟ ಆಗಬಾರದು, ಅಲ್ವಾ?

ಕಂತು ಸಾಮಾನ್ಯವಾಗಿ ಬೆಳಗ್ಗೆಯೇ ಕಡಿತಕ್ಕೆ ಬಂದುಬಿಡುತ್ತದೆ, ಅದೇ ದಿನ ಮಧ್ಯಾಹ್ನ ದುಡ್ಡು ಹಾಕಿದರೆ ತಡ. ಏಪ್ರಿಲ್ 4ಕ್ಕೇ ಬ್ಯಾಲೆನ್ಸ್ ನೋಡಿಕೊಂಡೆವು. ಮರುದಿನ ಚಿಕ್ಕಪ್ಪನೇ ಫೋನ್ ಮಾಡಿ ಮೆಸೇಜ್ ಓದಿದರು: "ಎ ಸಿ ಎಚ್ ಡಿ ಅಂತಿದೆ, ಆರ್ ಟಿ ಎನ್ ಇಲ್ಲ ಕಣೋ."