ಕನ್ನಡ ಧ್ವನಿ ಇಲ್ಲದ ಸ್ಕ್ರೀನ್ ರೀಡರ್‌ಗೆ ಇಂಗ್ಲಿಷ್ ಅಕ್ಷರದ ಕನ್ನಡ ಕೊಡಬೇಕೇ?

ಪರ

ಕರೆಂಟ್ ಬಿಲ್ಲಿನ ಪುಟವೊಂದರಲ್ಲಿ ಮೂರು ಸಾಲುಗಳಿವೆ ಅಂದುಕೊಳ್ಳಿ. ಹಳೆ ಬಾಕಿ 420, ಈ ತಿಂಗಳ ಬಿಲ್ 615, ಕೊನೆಯ ದಿನಾಂಕ 15. ಸ್ಕ್ರೀನ್ ರೀಡರ್ ಅಂದರೆ ಕಣ್ಣು ಕಾಣದವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಪ್ರೋಗ್ರಾಂ. ಅದಕ್ಕೆ ಈ ಕಂಪ್ಯೂಟರಿನಲ್ಲಿ ಇರುವುದು ಇಂಗ್ಲಿಷ್ ಧ್ವನಿ ಒಂದೇ. ಕೆಲವು ಧ್ವನಿಗಳು ಕನ್ನಡ ಕಂಡರೆ ಬಾಯಿಯೇ ಬಿಡುವುದಿಲ್ಲ. ಆಗ ಕೇಳಿಸುವುದು "420, 615, 15" ಅಷ್ಟೇ. ಯಾವುದು ಬಾಕಿ, ಯಾವುದು ಬಿಲ್ಲು ಅಂತ ಕೇಳುವವರೇ ಊಹಿಸಿಕೊಳ್ಳಬೇಕು.

ಇನ್ನು ಕೆಲವು ಧ್ವನಿಗಳು ಬಿಡಿಬಿಡಿಯಾಗಿ ಓದುತ್ತವೆ: "ಕನ್ನಡ ಲೆಟರ್ ಕ, ಕನ್ನಡ ವವೆಲ್ ಸೈನ್ ಒ". "ಕೊನೆಯ ದಿನಾಂಕ" ನಮಗೆ ಎರಡು ಪದ. ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಗುರುತು, ಸೊನ್ನೆ ಎಲ್ಲ ಬೇರೆ ಬೇರೆ. ಒಟ್ಟು 11 ಚೂರು. ಹನ್ನೊಂದನೆಯದು ಬರುವ ಹೊತ್ತಿಗೆ ಮೊದಲನೆಯದು ಮರೆತುಹೋಗಿರುತ್ತದೆ.

ಕನ್ನಡ ಧ್ವನಿ ಹಾಕಿಕೊಳ್ಳಿ ಅನ್ನುವುದು ಸುಲಭ. ಆಫೀಸಿನ ಕಂಪ್ಯೂಟರಿನಲ್ಲಿ ಏನೇ ಹಾಕಬೇಕಾದರೂ ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಇರುವುದು ಬೇರೆಯವರ ಹತ್ತಿರ. ಬಿಲ್ ಕಟ್ಟುವ ದಿನ ಅವರು ರಜೆ.

ಹಾಗಾಗಿ ನಾನು ಕೇಳುವುದು ಇಷ್ಟೇ. ಪುಟದ ತಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಲಿಂಕ್ ಇರಲಿ. ಒತ್ತಿದರೆ ಅದೇ ಕನ್ನಡ ಇಂಗ್ಲಿಷ್ ಅಕ್ಷರದಲ್ಲಿ ಬರಲಿ. "koneya dinaanka" ಅಂತ ಬರೆದರೆ ಇಂಗ್ಲಿಷ್ ಧ್ವನಿ ಅದನ್ನು ವಕ್ರವಾಗಿಯೇ ಓದುತ್ತದೆ, ಒಪ್ಪುತ್ತೇನೆ. ಆದರೂ ಅರ್ಥವಾಗುತ್ತದೆ. ವಾಟ್ಸಾಪಿನಲ್ಲಿ ನಾವೆಲ್ಲ ಹೀಗೇ ಬರೆಯುತ್ತೇವೆ, ಅದನ್ನು ಇದೇ ಧ್ವನಿಯಲ್ಲಿ ಕೇಳಿ ಕೇಳಿ ಕಿವಿ ಪಳಗಿದೆ.

ವಿರೋಧ

ವಾಟ್ಸಾಪಿನ ಮಾತು ನಿಜ. ಅಲ್ಲಿ ಬರೆದವರು ಯಾರು, ಯಾಕೆ ಬರೆದರು ಅಂತ ಗೊತ್ತಿರುತ್ತದೆ. ಅಪರಿಚಿತ ಪುಟದಲ್ಲಿ ಆ ಆಸರೆ ಇಲ್ಲ. "mane" ಅಂತ ಬರೆಯಿರಿ, ಇಂಗ್ಲಿಷ್ ಧ್ವನಿ "ಮೇನ್" ಅನ್ನುತ್ತದೆ, ಕುದುರೆಯ ಕೇಸರ. "hale baaki"ಯ ಮೊದಲ ಪದ "ಹೇಲ್" ಆಗುತ್ತದೆ! ಹಲ್ಲಿಗೂ ಹಳ್ಳಿಗೂ ಒಂದೇ "halli". ಕಿವಿಗೆ ಸರಿಹೋಗಲಿ ಅಂತ "maney" ಎಂದು ತಿದ್ದಬಹುದು. ಆದರೆ ಒಂದೊಂದು ಪದವನ್ನೂ ಕೇಳಿ ತಿದ್ದುವವರು ಯಾರು? ಲಿಪಿ ಬದಲಿಸುವ ಪ್ರೋಗ್ರಾಂ ಇದನ್ನು ಮಾಡುವುದಿಲ್ಲ.

ಇನ್ನೊಂದು ತೊಡಕಿದೆ. ಓದುಗರ ಹತ್ತಿರ ಸ್ಕ್ರೀನ್ ರೀಡರ್ ಇದೆಯೋ, ಅದರಲ್ಲಿ ಯಾವ ಧ್ವನಿ ಇದೆಯೋ, ವೆಬ್ ಪುಟಕ್ಕೆ ತಿಳಿಯುವುದಿಲ್ಲ. ಅದಕ್ಕೇ ಕೆಲವರು ಕಣ್ಣಿಗೆ ಕಾಣದ ಹಾಗೆ ರೋಮನ್ ಪಠ್ಯವನ್ನು ಪುಟದೊಳಗೇ ಅಡಗಿಸುತ್ತಾರೆ. ಆಗ ಕನ್ನಡ ಧ್ವನಿ ಇರುವವರಿಗೆ ಪ್ರತಿ ಸಾಲೂ ಎರಡೆರಡು ಸಲ. ಸ್ಕ್ರೀನ್ ರೀಡರಿಗಷ್ಟೇ ಬೇರೆ ಹೆಸರು ಕೊಡುವ `aria-label` ಬಳಸಿ ಬಟನ್ನಿನ ಹೆಸರನ್ನೇ ರೋಮನ್ ಮಾಡಿದರೆ ಇನ್ನೂ ಕೆಟ್ಟದ್ದು. ಬೆರಳಿನಲ್ಲಿ ಕನ್ನಡ ಬ್ರೈಲ್ ಓದುವವರಿಗೂ ಕನ್ನಡ ಹೋಗಿ ರೋಮನ್ ಅಕ್ಷರ ಬರುತ್ತದೆ. ಬೇರೆ ಲಿಂಕ್ ಕೇಳಿದವರು ಇಲ್ಲಿ ಜಾಣತನ ತೋರಿಸಿದ್ದಾರೆ, ಅದನ್ನು ಒಪ್ಪಬೇಕು.

ಆದರೆ ಧ್ವನಿ ನಿಜವಾಗಿಯೂ ಇಲ್ಲವೇ? ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಜೊತೆ ಇ-ಸ್ಪೀಕ್ ಎನ್‌ಜಿ ಅನ್ನುವ ಧ್ವನಿ ಬಂದೇ ಬರುತ್ತದೆ. ಅದರಲ್ಲಿ ಕನ್ನಡ ಇದೆ. ದನಿ ತಗಡಿನ ಡಬ್ಬದಂತೆ, ಆದರೆ "ಕೊನೆಯ ದಿನಾಂಕ"ವನ್ನು ಎರಡು ಪದವಾಗಿಯೇ ಓದುತ್ತದೆ. ಎಷ್ಟೋ ಕಡೆ ಆಗುವುದೇನೆಂದರೆ, ವಿಂಡೋಸ್ 10ರಿಂದ ಈಚೆಗೆ ಎನ್‌ವಿಡಿಎ ಮೊದಲಿಗೆ ವಿಂಡೋಸಿನ ಧ್ವನಿಯನ್ನೇ ಹಿಡಿಯುತ್ತದೆ. ಇ-ಸ್ಪೀಕ್ ಒಳಗೇ ಸುಮ್ನೆ ಕೂತಿರುತ್ತದೆ. `NVDA+Ctrl+S` ಒತ್ತಿ ಅದನ್ನು ಆರಿಸಿಕೊಂಡರೆ ಆಯಿತು, ಅಡ್ಮಿನ್ ಪಾಸ್‌ವರ್ಡ್ ಬೇಡ. ಎನ್‌ವಿಡಿಎಯನ್ನೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಓಡಿಸುವ ದಾರಿಯೂ ಇದೆ, ಆಫೀಸಿನವರು ಪೆನ್‌ಡ್ರೈವ್ ಬಿಟ್ಟರೆ.

ಇಷ್ಟಾದರೂ ಪುಟ ತಾನು ಕನ್ನಡ ಅಂತ ಹೇಳಿಕೊಳ್ಳದಿದ್ದರೆ ಧ್ವನಿ ತಾನಾಗಿ ಕನ್ನಡಕ್ಕೆ ತಿರುಗುವುದಿಲ್ಲ. ಪುಟದ ಮೊದಲಲ್ಲಿ ಬೇಕಾದದ್ದು ಇಷ್ಟು:

```
<html lang="kn">
```

ಎಷ್ಟೋ ಕನ್ನಡ ಪುಟಗಳಲ್ಲಿ ಇಲ್ಲಿ `en` ಅಂತಲೇ ಇರುತ್ತದೆ. ತಂದ ಟೆಂಪ್ಲೇಟಿನಲ್ಲಿ ಹಾಗಿತ್ತು, ಯಾರೂ ಮುಟ್ಟಲಿಲ್ಲ. ಅಂಥ ಪುಟದಲ್ಲಿ ಕನ್ನಡ ಧ್ವನಿ ಇದ್ದವರಿಗೂ ಅಕ್ಷರ ಅಕ್ಷರವೇ ಕೇಳಿಸಬಹುದು. ಇಂಗ್ಲಿಷ್ ಧ್ವನಿಗೇ ಅಂಟಿಕೊಂಡ ಕಂಪ್ಯೂಟರಿನದೋ, ಪುಟದ್ದೋ ತಪ್ಪು ಅಂತ ತಿಳಿಯಲು `lang="kn"` ಇರುವ ಇನ್ನೊಂದು ಪುಟ ತೆರೆದು ನೋಡಿ. ಅದು ಸರಿಯಾಗಿ ಓದಿದರೆ ತಪ್ಪು ಮೊದಲ ಪುಟದ್ದು. ಈ ಒಂದು ಸಾಲನ್ನು ತಿದ್ದದೆ ರೋಮನ್ ಪುಟಕ್ಕೆ ಕೈ ಹಾಕುವುದು ಜಾಸ್ತಿ ಕೆಲಸ, ಕಡಿಮೆ ಲಾಭ.

ಕನ್ನಡವೇ ಇಲ್ಲದ ಧ್ವನಿಯನ್ನು ಆಫೀಸು ಕಡ್ಡಾಯ ಮಾಡಿದ ಕಡೆ ಏನೂ ಮಾಡಲಾಗದು, ಅದು ಸರಿ. ಅಲ್ಲಿ ಇಂಗ್ಲಿಷ್ ಧ್ವನಿ ಕೇಳಿಕೊಂಡೇ ದಿನವಿಡೀ ಕೆಲಸ ಮಾಡುವವರಿಗೆ "koneya dinaanka" ಯಾಕೆ? ನೇರವಾಗಿ ಇಂಗ್ಲಿಷ್ ಪುಟವನ್ನೇ ಕೊಡಿ, ಡ್ಯೂ ಡೇಟ್ ಅನ್ನಿ. ರೋಮನ್ ಬೇಕಾಗುವುದು ಊರಿನ ಹೆಸರಿಗೆ, ಗ್ರಾಹಕರ ಹೆಸರಿಗೆ. ಅವನ್ನು ಕಂಪ್ಯೂಟರಿಂದ ಲಿಪ್ಯಂತರ ಮಾಡಿಸುವುದೂ ಬೇಡ. ಆಧಾರ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೇ ಹಾಕಿ.