ಮಗುವಿಗೇ ದೀಕ್ಷಾಸ್ನಾನ ಕೊಡಿಸೋದಾ, ದೊಡ್ಡದಾಗೋವರೆಗೂ ಕಾಯೋದಾ

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಮತ್ತೆ ದೀಕ್ಷಾಸ್ನಾನದ ಜಗಳ ಶುರುವಾಗಿದೆ. ಅರ್ಧ ಜನ ಸಿಎಸ್‌ಐ, ಒಂದಿಷ್ಟು ಜನ ಮದುವೆಯಾಗಿ ಕ್ಯಾಥೊಲಿಕ್ ಮನೆ ಸೇರಿದೋರು, ಇನ್ನೊಂದಿಷ್ಟು ಜನ ಈಗ ಪೆಂಟೆಕೋಸ್ಟಲ್ ಸಭೆಗೆ ಹೋಗ್ತಾರೆ. ಒಬ್ರು "ಹಸುಗೂಸಿನ ತಲೆಗೆ ನಾಲ್ಕು ಹನಿ ನೀರು ಹಾಕಿದ್ರೆ ಅದು ದೀಕ್ಷಾಸ್ನಾನಾನೇ ಅಲ್ಲ" ಅಂತಾರೆ, ಇನ್ನೊಬ್ರು "ಮಗು ಹುಟ್ಟಿ ವರ್ಷ ಆದ್ರೂ ಹಾಗೇ ಬಿಟ್ಟಿದೀರಲ್ಲ" ಅಂತ ಬೈತಾರೆ. ಅಲ್ಲಿ ಉದ್ದುದ್ದ ಟೈಪ್ ಮಾಡೋ ಬದಲು ಇಲ್ಲೇ ಬರೀತೀನಿ.

ಮೊದಲನೇದಾಗಿ, ಜಗಳ ನೀರು ಎಷ್ಟು ಅನ್ನೋದರ ಬಗ್ಗೆ ಅಲ್ಲವೇ ಅಲ್ಲ. ಆರ್ಥೊಡಾಕ್ಸ್ ಸಭೆಗಳಲ್ಲಿ ಹಸುಗೂಸನ್ನೇ ನೀರಲ್ಲಿ ಮೂರು ಸಲ ಮುಳುಗಿಸ್ತಾರೆ, ಆಮೇಲೆ ಅಲ್ಲೇ ತೈಲಾಭಿಷೇಕ, ಆ ಪುಟ್ಟ ಬಾಯಿಗೇ ಪ್ರಭುಭೋಜನ ಕೂಡ. ಆ ಕಡೆ ಮೆನ್ನೊನೈಟ್ ಸಭೆಗಳು ಮಕ್ಕಳಿಗೆ ಕೊಡೋದೇ ಇಲ್ಲ, ದೊಡ್ಡವರಿಗೆ ಮಾತ್ರ ಕೊಡ್ತಾರೆ, ಆದ್ರೆ ಎಷ್ಟೋ ಕಡೆ ತಲೆ ಮೇಲೆ ನೀರು ಹುಯ್ದೇ ಕೊಡೋದು. ಅಂದ್ಮೇಲೆ ಮುಳುಗಿಸೋದು, ಹುಯ್ಯೋದು ಒಂದು ವಿಷಯ, ಯಾರಿಗೆ ಕೊಡ್ಬೇಕು ಅನ್ನೋದು ಬೇರೇನೇ ವಿಷಯ. ಇನ್ನೊಂದು, ಮಕ್ಕಳಿಗೆ ಕೊಡೋ ಸಭೆಗಳೂ ಹೊಸದಾಗಿ ನಂಬಿ ಬಂದ ದೊಡ್ಡವರಿಗೆ ಮೊದ್ಲು ಬೋಧನೆ ಮಾಡಿ, ಅವರ ಬಾಯಿಂದಾನೇ ನಂಬಿಕೆ ಕೇಳಿ ಆಮೇಲೇ ಕೊಡೋದು. ಭಿನ್ನಾಭಿಪ್ರಾಯ ಇರೋದು ನಂಬಿದವರ ಮನೇಲಿ ಹುಟ್ಟೋ ಮಕ್ಕಳ ವಿಷಯದಲ್ಲಿ ಮಾತ್ರ.

ಕ್ಯಾಥೊಲಿಕ್ ಚರ್ಚಲ್ಲಿ ಮಗುವಿನ ದೀಕ್ಷಾಸ್ನಾನ ಗಮನ ಇಟ್ಟು ನೋಡಿ. ಫಾದರ್ ಬಾಗಿಲ ಹತ್ರಾನೇ ಬಂದು ಮಗುವಿನ ಹೆಸರು ಕೇಳ್ತಾರೆ, ದೇವರ ಸಭೆಯಿಂದ ಇದಕ್ಕೆ ಏನು ಬೇಕು ಅಂತ ಅಪ್ಪ ಅಮ್ಮನ್ನ ಕೇಳ್ತಾರೆ. ಹಣೆ ಮೇಲೆ ಶಿಲುಬೆ ಗುರುತು, ಮೊದಲು ಫಾದರ್, ಆಮೇಲೆ ಅಪ್ಪ ಅಮ್ಮ, ಜ್ಞಾನ ತಂದೆ ತಾಯಿ. ಬೈಬಲ್ ಓದಿ, ಪ್ರಾರ್ಥನೆ ಮಾಡಿ, ನೀರನ್ನ ಆಶೀರ್ವದಿಸಿದ ಮೇಲೆ ಬರೋ ಪ್ರಶ್ನೆಗಳೇ ಮುಖ್ಯ: ಸೈತಾನನನ್ನ ತಿರಸ್ಕರಿಸ್ತೀರಾ, ತಂದೆಯಾದ ದೇವರನ್ನ ನಂಬ್ತೀರಾ, ಯೇಸು ಕ್ರಿಸ್ತನನ್ನ, ಪವಿತ್ರಾತ್ಮನನ್ನ ನಂಬ್ತೀರಾ. ಇದಕ್ಕೆ ಉತ್ತರ ಕೊಡೋದು ದೊಡ್ಡವರು, ತಮ್ಮ ಸ್ವಂತ ನಂಬಿಕೆಯನ್ನೇ ಅಲ್ಲಿ ಎಲ್ಲರ ಮುಂದೆ ಹೇಳ್ಬೇಕು. ಆಮೇಲೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ ಮೂರು ಸಲ ನೀರು. ಕೊನೆಗೆ ನೆತ್ತಿಗೆ ಘಮಘಮ ಅನ್ನೋ ತೈಲ, ಬಿಳಿ ಬಟ್ಟೆ, ಈಸ್ಟರ್ ಮೇಣದಬತ್ತಿಯಿಂದ ಹಚ್ಚಿದ ಒಂದು ಚಿಕ್ಕ ಬತ್ತಿ. ಆ ಬತ್ತಿ ಕೈಗೆ ಕೊಡುವಾಗ ಈ ಬೆಳಕು ಆರದ ಹಾಗೆ ನೋಡ್ಕೊಳ್ಳಿ ಅನ್ನೋ ಜವಾಬ್ದಾರೀನೂ ಕೊಡ್ತಾರೆ. ಬಹಳಷ್ಟು ಜನ ಆ ಹೊತ್ತಿಗೆ ಫೋಟೋಗೆ ಪೋಸ್ ಕೊಡ್ತಾ ಇರ್ತಾರೆ ಅನ್ನೋದು ನನಗೆ ನಿಜವಾಗ್ಲೂ ಬೇಜಾರು.

ಪೆಂಟೆಕೋಸ್ಟಲ್, ಬ್ಯಾಪ್ಟಿಸ್ಟ್, ಬ್ರದರನ್ ಸಭೆಗಳಲ್ಲಿ ತೊಟ್ಟಿನೋ ಕೆರೇನೋ ಹೊಳೇನೋ, ಸೊಂಟದ ಮಟ್ಟ ನೀರಲ್ಲಿ ಪಾಸ್ಟರ್ ನಿಂತಿರ್ತಾರೆ. ದೀಕ್ಷಾಸ್ನಾನ ತಗೊಳ್ಳೋರು ಸಭೆ ಮುಂದೆ ಸಾಕ್ಷಿ ಹೇಳ್ತಾರೆ, "ಯೇಸುವನ್ನ ಕರ್ತನಾಗಿ ನಂಬ್ತೀರಾ" ಅಂದ್ರೆ ತಾವೇ "ನಂಬ್ತೀನಿ" ಅಂತಾರೆ, ಆಮೇಲೆ ಹಿಂದಕ್ಕೆ ಬಾಗಿಸಿ ಪೂರ್ತಿ ಮುಳುಗಿಸಿ ಎತ್ತೋದು. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲ ಹೇಳೋ ಹಾಗೆ ಕ್ರಿಸ್ತನ ಜೊತೆ ಹೂಣಿಸಿಕೊಂಡು ಹೊಸ ಜೀವಕ್ಕೆ ಏಳೋದು ಅಲ್ಲಿ ಕಣ್ಣಿಗೇ ಕಾಣುತ್ತೆ, ಅದನ್ನ ಯಾರೂ ಅಲ್ಲಗಳೆಯಕ್ಕಾಗಲ್ಲ.

ಈಗ ಮೂಲ ಪ್ರಶ್ನೆ. ದೀಕ್ಷಾಸ್ನಾನದಲ್ಲಿ ಮೊದಲು ಕೈ ಚಾಚೋದು ಯಾರು? ಮಕ್ಕಳಿಗೆ ಕೊಡೋರು ಹೇಳೋದು ದೇವರು ಅಂತ. ಮಗು ಏನೂ ಮಾಡಕ್ಕೆ ಮುಂಚೆನೇ ಕೃಪೆ ಬರುತ್ತೆ, ಇಸ್ರಾಯೇಲ್ಯರ ಗಂಡುಮಗುವಿಗೆ ಎಂಟನೇ ದಿನ ಸುನ್ನತಿ ಆಗ್ತಿದ್ದ ಹಾಗೆ ಈ ಮಗೂನೂ ಒಡಂಬಡಿಕೆಗೆ ಸೇರುತ್ತೆ ಅಂತ. ಕ್ಯಾಥೊಲಿಕರು ಇದಕ್ಕೆ ಜನ್ಮಪಾಪ ತೊಳೆಯೋದನ್ನೂ ಸೇರಿಸ್ತಾರೆ, ಅಗಸ್ಟೀನನ ಕಾಲದಿಂದ ಆ ವಾದ ಗಟ್ಟಿಯಾಯ್ತು. ಕಾಯೋರು ಹೇಳೋದು, ಕೃಪೆ ದೇವರದ್ದೇ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ದೀಕ್ಷಾಸ್ನಾನ ಅನ್ನೋದು ಆ ಕೃಪೆಗೆ ಮನುಷ್ಯ ಕೊಡೋ ಉತ್ತರ, ಉತ್ತರ ಕೊಡಕ್ಕೆ ಬಾಯಿ ಬರ್ಬೇಕು ಅಂತ.

ಬೈಬಲ್ ತೆಗೆದು ತೋರಿಸಿ ಅಂತ ಎರಡೂ ಕಡೆಯವರು ಹೇಳ್ತಾರೆ. ಕಷ್ಟ ಇರೋದೇ ಅಲ್ಲಿ. ಅಪೊಸ್ತಲರ ಕೃತ್ಯಗಳು 16ರಲ್ಲಿ ಲುದ್ಯಳ ಮನೆಯವರು, ಫಿಲಿಪ್ಪಿ ಸೆರೆಮನೆ ಯಜಮಾನನ ಮನೆಯವರು ಎಲ್ಲರಿಗೂ ದೀಕ್ಷಾಸ್ನಾನ ಆಯ್ತು ಅಂತಿದೆ, ಮನೇಲಿ ಮಕ್ಕಳಿದ್ರೋ ಇಲ್ವೋ ಬರೆದಿಲ್ಲ. ಮಗುವಿಗೆ ಕೊಟ್ಟ ಒಂದು ಸ್ಪಷ್ಟ ಉದಾಹರಣೆ ಹೊಸ ಒಡಂಬಡಿಕೇಲಿ ಇಲ್ಲ, ಕ್ರೈಸ್ತರ ಮನೇಲಿ ಹುಟ್ಟಿದ ಮಗುವನ್ನ ದೊಡ್ಡವನಾಗೋವರೆಗೆ ಕಾಯಿಸಿದ ಉದಾಹರಣೇನೂ ಇಲ್ಲ. ಸುಮಾರು 200ನೇ ಇಸವಿಗೆ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಮಕ್ಕಳಿಗೆ ಅವಸರ ಮಾಡ್ಬೇಡಿ ಅಂತ ಬರೀತಾನೆ. ಅಂದ್ರೆ ಆಗ್ಲೇ ಮಕ್ಕಳಿಗೆ ಕೊಡೋ ರೂಢಿ ಇತ್ತು, ಅದು ಬೇಡ ಅನ್ನೋರೂ ಇದ್ರು. ಅಷ್ಟು ಹಳೇದು ಈ ವಾದ.

ಇದು ಬರೀ ವಾದ ಆಗಿ ಉಳಿಯದೆ ಜೀವ ತೆಗೆದಿದ್ದು ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿ. 1525ರ ಜನವರೀಲಿ ಅಲ್ಲಿನ ನಗರ ಸಭೆ ದೀಕ್ಷಾಸ್ನಾನ ಆಗದ ಮಕ್ಕಳಿಗೆಲ್ಲ ಎಂಟು ದಿನದೊಳಗೆ ಮಾಡಿಸಿ, ಇಲ್ಲಾಂದ್ರೆ ಊರು ಬಿಡಿ ಅಂತ ಆಜ್ಞೆ ಹೊರಡಿಸ್ತು. ಮಕ್ಕಳಿಗೆ ದೀಕ್ಷಾಸ್ನಾನ ಬೇಡ ಅಂತಿದ್ದವರಲ್ಲಿ ಒಬ್ಬನಾದ ಕಾನ್ರಾಡ್ ಗ್ರೇಬೆಲ್ ಮನೇಲಿ ಆಗ ಬಾಣಂತಿ, ಎಳೇ ಕೂಸು. ಆತ, ಆತನ ಗೆಳೆಯರು ಒಪ್ಪಲಿಲ್ಲ. ಜನವರಿ 21ಕ್ಕೆ ಆ ಗೆಳೆಯರಲ್ಲಿ ಒಬ್ಬನಾದ ಫೆಲಿಕ್ಸ್ ಮಾನ್ಜ್ ಮನೇಲಿ ಸೇರಿ, ಹಿಂದೆ ಪಾದ್ರಿಯಾಗಿದ್ದ ಜಾರ್ಜ್ ಬ್ಲೌರಾಕ್ ಕೇಳ್ಕೊಂಡಾಗ ಗ್ರೇಬೆಲ್ ಆತನಿಗೆ ದೀಕ್ಷಾಸ್ನಾನ ಕೊಟ್ಟ. ಅದೂ ತಲೆಗೆ ನೀರು ಹುಯ್ದು. ಆ ಕಾಲಕ್ಕೆ ಮಗುವಿನ ದೀಕ್ಷಾಸ್ನಾನ ಅಂದ್ರೆ ಊರಿನ ಸಮಾಜಕ್ಕೇ ಸೇರಿದ ಹಾಗೆ, ಹಾಗಾಗಿ ಬೇಡ ಅಂದವರು ಆಳೋರ ಕಣ್ಣಿಗೆ ಊರನ್ನೇ ಒಡೆಯೋರು. 1527ರ ಜನವರಿ 5ಕ್ಕೆ ಮಾನ್ಜ್‌ನ ಕೈಕಾಲು ಕಟ್ಟಿ ಲಿಮ್ಮಾಟ್ ನದೀಲಿ ಮುಳುಗಿಸಿ ಕೊಂದ್ರು, ಕೊಂದವರೂ ಪ್ರೊಟೆಸ್ಟೆಂಟರೇ. ನಮ್ಮ ಗ್ರೂಪಲ್ಲಿ "ಇವರೆಲ್ಲ ನಿನ್ನೆ ಮೊನ್ನೆ ಹುಟ್ಟಿದ ಸಭೆಯವರು" ಅಂತ ಹಗುರವಾಗಿ ಮಾತಾಡೋರು ಇದನ್ನ ಒಂದ್ಸಲ ಓದ್ಬೇಕು.

ನಾನು ಮಗುವಿನ ದೀಕ್ಷಾಸ್ನಾನ ಒಪ್ಪೋನು, ಬಾಸೆಲ್ ಮಿಶನ್ ಮೂಲದ ಸಭೇಲಿ ಬೆಳೆದೋನು. ಆದ್ರೂ ಹೇಳ್ತೀನಿ, ಅದು ಒಂದು ದಿನಕ್ಕೆ ಮುಗಿಯೋ ಕೆಲಸ ಅಲ್ಲ. ಮಗುವಿನ ಪರವಾಗಿ ದೊಡ್ಡವರು ಕೊಟ್ಟ ಮಾತನ್ನ ಅದು ಬೆಳೆದು ದೃಢೀಕರಣದಲ್ಲಿ ತಾನೇ ಹೇಳ್ಬೇಕು. ಕಾಯೋ ಸಭೆಗಳಲ್ಲೂ ಮಗೂನ ಹಾಗೇ ಬಿಡಲ್ಲ, ಸಭೆಗೆ ತಂದು ದೇವರಿಗೆ ಪ್ರತಿಷ್ಠೆ ಮಾಡಿ ಪ್ರಾರ್ಥನೆ ಮಾಡ್ತಾರೆ, ಬೆಳೆದ ಮೇಲೆ ದೀಕ್ಷಾಸ್ನಾನ. ಎರಡು ಕಡೇನೂ ಎರಡು ಹಂತ ಇದೆ, ನೀರು ಯಾವ ಹಂತದಲ್ಲಿ ಅನ್ನೋದೇ ಬೇರೆ. ನಮ್ಮಲ್ಲಿ ಕೆಡೋದು ಎರಡನೇ ಹಂತ. ದೃಢೀಕರಣದ ಕ್ಲಾಸಲ್ಲಿ ಪ್ರಶ್ನೋತ್ತರ ಬಾಯಿಪಾಠ, ಆ ಭಾನುವಾರ ಆದ್ಮೇಲೆ ಹುಡುಗರು ಚರ್ಚ್ ಕಡೆ ತಲೆ ಹಾಕಲ್ಲ. ಕ್ಯಾಥೊಲಿಕ್ ಕಾನೂನಲ್ಲಂತೂ ಮಗು ನಂಬಿಕೇಲಿ ಬೆಳೆಯುತ್ತೆ ಅನ್ನೋ ಆಧಾರವೇ ಇಲ್ಲದಿದ್ರೆ ಅಪ್ಪ ಅಮ್ಮನಿಗೆ ಕಾರಣ ತಿಳಿಸಿ ದೀಕ್ಷಾಸ್ನಾನ ಮುಂದಕ್ಕೆ ಹಾಕಿ ಅಂತಾನೇ ಇದೆ. ಕಾಯೋರ ಕಡೆ ಕೆಡೋದು ಕಾಯೋದರಲ್ಲೇ. ಎಂಟೊಂಬತ್ತು ವರ್ಷದ ಮಕ್ಕಳು ಕ್ಯಾಂಪಲ್ಲಿ ಫ್ರೆಂಡ್ಸ್ ಕೈ ಎತ್ತಿದ್ರು ಅಂತ ತಾವೂ ಎತ್ತಿ ನೀರಿಗಿಳಿದ್ರೆ ಅದು ಸ್ವಂತ ನಿರ್ಧಾರ ಹೇಗಾಗುತ್ತೆ?

ಇನ್ನು ಗ್ರೂಪಲ್ಲಿ ಎದ್ದಿರೋ ಪ್ರಶ್ನೆ, ಮಗುವಾಗಿದ್ದಾಗ ಆದವರು ಈಗ ಮತ್ತೆ ಮುಳುಗಿಸಿಕೊಳ್ಳಬಹುದಾ. ನಮ್ಮ ಲೆಕ್ಕದಲ್ಲಿ ದೀಕ್ಷಾಸ್ನಾನ ಒಂದೇ ಸಲ, ಹಾಗಾಗಿ ಸಿಎಸ್‌ಐನೋರೂ ಕ್ಯಾಥೊಲಿಕರೂ ಎರಡನೇದನ್ನ ಒಪ್ಪಲ್ಲ. ಕಾಯೋ ಸಭೆಯವರ ಲೆಕ್ಕದಲ್ಲಿ ಮೊದಲನೇದು ಆಗೇ ಇಲ್ಲ, ಈಗ ಆಗ್ತಿರೋದೇ ಮೊದಲು. ಈ ಗಂಟು ವಾಟ್ಸಾಪಲ್ಲಿ ಬಿಚ್ಚಲ್ಲ. ಈಸ್ಟರ್ ಹಿಂದಿನ ರಾತ್ರಿ ಕ್ಯಾಥೊಲಿಕ್ ಚರ್ಚಲ್ಲಿ ಎಲ್ಲರೂ ಮೇಣದಬತ್ತಿ ಹಿಡ್ಕೊಂಡು ದೀಕ್ಷಾಸ್ನಾನದ ಪ್ರತಿಜ್ಞೆಯನ್ನ ತಾವೇ ಮತ್ತೆ ಹೇಳ್ತಾರೆ, ನೀರು ಚಿಮುಕಿಸ್ತಾರೆ. ನನಗದು ನೆನಪಿಲ್ಲ, ನಾನೇ ಹೇಳಬೇಕಿತ್ತು ಅಂತ ಕೊರಗೋ ನಮ್ಮ ಹುಡುಗರಿಗೆ ನಮ್ಮ ಸಭೆಗಳಲ್ಲೂ ಅಂಥ ಅವಕಾಶ ಕೊಡಿ ಅಂತ ನಾನು ಅಯ್ಯನವರ ಹತ್ರ ಕೇಳೋನಿದ್ದೀನಿ. ಬೇರೆ ಸಭೇಲಿ ದೀಕ್ಷಾಸ್ನಾನ ತಗೊಂಡು ಬಂದ ಮಗಳನ್ನ ಮನೆಯಿಂದ ದೂರ ಇಡೋ ಮಾತನ್ನ ಮಾತ್ರ ಗ್ರೂಪಲ್ಲಿ ಇನ್ನು ಯಾರೂ ಆಡ್ಬೇಡಿ.